ಒಂದೇ ಫೋಟೊ ನೋಡಿ ಅಣಬೆ ತಿನ್ನಬಹುದೆಂದು ಏಕೆ ಹೇಳಲಾಗದು?

ಅಣಬೆ ತಿಂದು ಅಸ್ವಸ್ಥರಾದವರ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೇ ಅಣಬೆಗಳ ಫೋಟೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡತೊಡಗುತ್ತವೆ. ಬಹುತೇಕ ಫೋಟೊಗಳು ಒಂದೇ ಬಗೆಯವು. ಹುಲ್ಲಿನ ನಡುವೆ ಎದ್ದ ಅಣಬೆಯನ್ನು ನಿಂತಲ್ಲಿಂದಲೇ, ಮೇಲಿನಿಂದ ಕೆಳಕ್ಕೆ ತೆಗೆದಿರುತ್ತಾರೆ. ಚಿತ್ರದಲ್ಲಿ ಕಾಣುವುದು ಅದರ ಕೊಡೆ ಮಾತ್ರ. ಕೆಳಗೊಂದು ಪ್ರಶ್ನೆ ಇರುತ್ತದೆ: ಇದನ್ನು ತಿನ್ನಬಹುದೇ? ಉತ್ತರಿಸುವವರಲ್ಲಿ ಒಬ್ಬರು ಇದನ್ನೇ ವರ್ಷಗಳಿಂದ ತಿನ್ನುತ್ತಿದ್ದೇವೆ ಎನ್ನುತ್ತಾರೆ, ಇನ್ನೊಬ್ಬರು ಇದು ಪ್ರಾಣ ತೆಗೆಯುವ ಜಾತಿ ಎನ್ನುತ್ತಾರೆ, ಶಿಲೀಂಧ್ರಗಳನ್ನು ಅಧ್ಯಯನ ಮಾಡಿದವರು ಮಾತ್ರ ಈ ಚಿತ್ರದಿಂದ ಏನನ್ನೂ ಹೇಳಲಾಗದು ಎಂದು ಸುಮ್ಮನಾಗುತ್ತಾರೆ. ಓದುವವರಿಗೆ ಗೊಂದಲ ಹುಟ್ಟುವುದು ಈ ಮೂರನೆಯ ಉತ್ತರದಿಂದಲೇ. ಎಲ್ಲರಿಗಿಂತ ಹೆಚ್ಚು ತಿಳಿದವರು ಎಲ್ಲರಿಗಿಂತ ಕಡಿಮೆ ಹೇಳುವುದೇಕೆ?

ಅದು ಜಾರಿಕೊಳ್ಳುವ ಉತ್ತರವಲ್ಲ. ಎರಡು ಅಣಬೆಗಳನ್ನು ಬೇರ್ಪಡಿಸುವ ಗುರುತುಗಳು ಬಹಳಷ್ಟು ಸಲ ಕೊಡೆಯ ಮೇಲ್ಮೈಯಲ್ಲಿ ಇರುವುದೇ ಇಲ್ಲ. ಚಿತ್ರದಲ್ಲಿ ದಾಖಲಾಗದ ಮಾಹಿತಿಯನ್ನು ಎಷ್ಟೇ ಅನುಭವವಿದ್ದರೂ ಅದರಿಂದ ಹೊರತೆಗೆಯಲು ಬರುವುದಿಲ್ಲ. ಇದು ಸ್ಪಷ್ಟವಾಗಬೇಕಾದರೆ ಒಂದು ನಿರ್ದಿಷ್ಟ ಜೋಡಿಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಈ ಜೋಡಿಯನ್ನು ಅದಲುಬದಲು ಮಾಡಿಕೊಂಡು ಜನರು ನಿಜವಾಗಿಯೂ ಸತ್ತಿದ್ದಾರೆ.

ಒಂದು ಜೋಡಿ, ಎರಡು ಅಂತ್ಯ

ಮೊದಲನೆಯದು ಭತ್ತದ ಹುಲ್ಲಿನ ಅಣಬೆ. ವೋಲ್ವಾರಿಯೆಲ್ಲಾ ವೋಲ್ವೇಸಿಯಾ ಎಂಬುದು ಇದರ ವೈಜ್ಞಾನಿಕ ಹೆಸರು. ಪೂರ್ವ ಮತ್ತು ಆಗ್ನೇಯ ಏಷ್ಯಾದಲ್ಲಿ ಇದನ್ನು ವ್ಯಾಪಕವಾಗಿ ಬೆಳೆದು ತಿನ್ನುತ್ತಾರೆ. ಎರಡನೆಯದು ಅಮನಿಟಾ ಫಲಾಯ್ಡಿಸ್, ಸಾಮಾನ್ಯವಾಗಿ ಡೆತ್ ಕ್ಯಾಪ್ ಎಂದು ಕರೆಯಲ್ಪಡುವ ಅಣಬೆ. ಅಣಬೆಯಿಂದಾಗುವ ಸಾವುಗಳಲ್ಲಿ ಬಹುಪಾಲಿಗೆ ಈ ಜಾತಿಯೇ ಕಾರಣವೆಂದು ವೈದ್ಯಕೀಯ ಸಾಹಿತ್ಯ ಹೇಳುತ್ತದೆ. ಇದರ ಮೂಲ ಯೂರೋಪು. ಓಕ್ ಮುಂತಾದ ಮರಗಳ ಬೇರಿನೊಂದಿಗೆ ಸಹಜೀವನ ನಡೆಸುವುದರಿಂದ, ಸಸಿಗಳನ್ನು ಬೇರುಸಹಿತ ಸಾಗಿಸಿದಾಗ ಇದೂ ಅವುಗಳ ಜೊತೆ ಉತ್ತರ ಅಮೆರಿಕ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಿಗೆ ಹೋಗಿ ನೆಲೆಸಿತು.

ಅದೇ ಕಾಲದಲ್ಲಿ ಮನುಷ್ಯರೂ ವಲಸೆ ಹೋದರು. ಭತ್ತದ ಹುಲ್ಲಿನ ಅಣಬೆಯನ್ನು ಚಿಕ್ಕಂದಿನಿಂದ ಕಂಡವರು ಹೊಸ ದೇಶದಲ್ಲಿ ಮರದ ಕೆಳಗೆ ಅಂಥದ್ದೇ ಕೊಡೆಯನ್ನು ಕಂಡಾಗ ಅದನ್ನು ಅನುಮಾನಿಸಲು ಅವರಿಗೆ ಕಾರಣವಿರಲಿಲ್ಲ; ಅವರ ಊರಿನಲ್ಲಿ ಅದನ್ನು ಹೋಲುವ ವಿಷದ ಅಣಬೆಯ ಪರಿಚಯವೇ ಇರಲಿಲ್ಲ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ 2011ರ ಕೊನೆಯ ರಾತ್ರಿ ಸ್ಥಳೀಯವಾಗಿ ಕಿತ್ತ ಅಣಬೆಯ ಅಡುಗೆಯನ್ನು ಉಂಡವರಲ್ಲಿ ಇಬ್ಬರು ಕೆಲವೇ ದಿನಗಳಲ್ಲಿ ತೀರಿಕೊಂಡ ಪ್ರಕರಣ ಇಂಥ ಗೊಂದಲದ್ದೇ ಎಂದು ಭಾವಿಸಲಾಗಿದೆ. ಹೀಗೆ ಸತ್ತವರನ್ನು ಅಜ್ಞಾನಿಗಳೆಂದು ತಳ್ಳಿಹಾಕುವುದು ಸುಲಭ, ಆದರೆ ತಪ್ಪು. ಅವರಲ್ಲಿ ಜ್ಞಾನವಿತ್ತು; ಅದು ಬೇರೊಂದು ನೆಲಕ್ಕೆ ಸೇರಿದ ಜ್ಞಾನವಾಗಿತ್ತು.

ಈಗ ಎರಡೂ ಅಣಬೆಗಳನ್ನು ಮೇಲಿನಿಂದ ಫೋಟೊ ತೆಗೆದಿದ್ದಾರೆ ಎಂದುಕೊಳ್ಳೋಣ. ಭತ್ತದ ಹುಲ್ಲಿನ ಅಣಬೆಯ ಕೊಡೆ ಬೂದು ಮಿಶ್ರಿತ ಕಂದು ಬಣ್ಣದ್ದು, ನಡುವೆ ತುಸು ಗಾಢ, ಅಂಚಿನ ಕಡೆಗೆ ತಿಳಿ, ನಡುವಿನಿಂದ ಅಂಚಿಗೆ ಹರಿದ ಸೂಕ್ಷ್ಮ ಗೆರೆಗಳುಳ್ಳದ್ದು. ಡೆತ್ ಕ್ಯಾಪ್‌ನ ಕೊಡೆ ಸುಮಾರು 5ರಿಂದ 15 ಸೆಂಟಿಮೀಟರ್ ಅಗಲ. ಪುಸ್ತಕಗಳಲ್ಲಿ ಅದರ ಬಣ್ಣ ಆಲಿವ್ ಹಸಿರು ಎಂದಿರುತ್ತದೆ. ವಾಸ್ತವದಲ್ಲಿ ಅದು ಹಳದಿ ಮಿಶ್ರಿತ ಹಸಿರು, ಕಂದು, ಮಾಸಲು ಕೆನೆಬಣ್ಣ, ಕೆಲವೊಮ್ಮೆ ಪೂರ್ತಿ ಬಿಳಿಯೂ ಆಗಿರಬಹುದು. ಅದರಲ್ಲೂ ನಡು ಗಾಢ, ಅಂಚು ತಿಳಿ, ನಡುವಿನಿಂದ ಹೊರಟ ಸೂಕ್ಷ್ಮ ಎಳೆಗಳು. ಬಿಸಿಲಿಗೆ ಮಾಸಿದ ಡೆತ್ ಕ್ಯಾಪ್ ಒಂದನ್ನೂ ಬಲಿತ ಹುಲ್ಲಿನ ಅಣಬೆ ಒಂದನ್ನೂ ಅಕ್ಕಪಕ್ಕ ಇಟ್ಟು ಮೇಲಿನಿಂದ ಮಾತ್ರ ನೋಡಿದರೆ, ಇದು ಇದೇ ಎಂದು ಬೆಟ್ಟುಮಾಡಿ ಹೇಳುವ ಧೈರ್ಯವನ್ನು ಬಲ್ಲವರು ಮಾಡುವುದಿಲ್ಲ.

ವ್ಯತ್ಯಾಸ ಇರುವುದು ಎಲ್ಲಿ?

ಅಣಬೆಯನ್ನು ಬುಡಸಮೇತ ಅಗೆದು ಕೈಗೆತ್ತಿಕೊಂಡರೆ ಪರಿಸ್ಥಿತಿ ಬೇರೆಯಾಗುತ್ತದೆ. ಕೊಡೆಯನ್ನು ಮಗುಚಿದಾಗ ಪುಸ್ತಕದ ಹಾಳೆಗಳಂತೆ ಸಾಲಾಗಿ ನಿಂತ ತೆಳುವಾದ ಕಿವಿರುಗಳು ಕಾಣುತ್ತವೆ. ಬಲಿತ ಡೆತ್ ಕ್ಯಾಪ್‌ನಲ್ಲಿ ಅವು ಕೊನೆಯವರೆಗೂ ಬಿಳಿಯಾಗಿಯೇ ಇರುತ್ತವೆ. ಹುಲ್ಲಿನ ಅಣಬೆಯಲ್ಲಿ ಮೊದಲು ಬಿಳಿಯಾಗಿದ್ದು, ಬೀಜಾಣುಗಳು ಬಲಿತಂತೆ ನಸುಗೆಂಪಿಗೆ ತಿರುಗುತ್ತವೆ. ಡೆತ್ ಕ್ಯಾಪ್‌ನ ಕಾಂಡದ ಮೇಲ್ಭಾಗದಲ್ಲಿ ತೆಳುವಾದ ಬಟ್ಟೆ ಇಳಿಬಿಟ್ಟಂತೆ ಒಂದು ಉಂಗುರವಿರುತ್ತದೆ. ಹುಲ್ಲಿನ ಅಣಬೆಗೆ ಉಂಗುರವಿಲ್ಲ. ಬುಡದಲ್ಲಿ ಎರಡಕ್ಕೂ ಚೀಲದಂಥ ಹೊದಿಕೆಯಿದೆ. ಈ ಹೋಲಿಕೆಯೇ ಹಲವರನ್ನು ಮೋಸಗೊಳಿಸಿದ್ದು. ಆದರೆ ಡೆತ್ ಕ್ಯಾಪ್‌ನ ಚೀಲ ಬಿಳಿ, ಹುಲ್ಲಿನ ಅಣಬೆಯದು ಸಾಮಾನ್ಯವಾಗಿ ಹೊರಗಡೆ ಬೂದುಗಂದು.

ಕಿವಿರಿನ ಬಣ್ಣಕ್ಕಿಂತ ನೆಚ್ಚಬಹುದಾದ ಗುರುತು ಬೀಜಾಣುಗಳ ಬಣ್ಣ. ಅದನ್ನು ಪಡೆಯುವ ಕ್ರಮ ಸರಳ: ಕಾಂಡವನ್ನು ಕತ್ತರಿಸಿ, ಅರ್ಧ ಬಿಳಿ ಅರ್ಧ ಕಪ್ಪು ಇರುವ ಕಾಗದದ ಮೇಲೆ ಕೊಡೆಯನ್ನು ಕಿವಿರು ಕೆಳಗಾಗಿ ಇಟ್ಟು, ಗಾಳಿಯಾಡದಂತೆ ಒಂದು ಲೋಟವನ್ನು ಕವುಚಿ, ಹಲವು ಗಂಟೆ ಅಥವಾ ಇಡೀ ರಾತ್ರಿ ಬಿಡಬೇಕು. ಕಾಗದದ ಮೇಲೆ ಬೀಳುವ ಪುಡಿ ಡೆತ್ ಕ್ಯಾಪ್‌ನಲ್ಲಿ ಬಿಳಿ, ಹುಲ್ಲಿನ ಅಣಬೆಯಲ್ಲಿ ನಸುಗೆಂಪು. ಕಪ್ಪು ಕಾಗದ ಬೇಕಾಗುವುದು ಬಿಳಿ ಪುಡಿ ಬಿಳಿ ಕಾಗದದ ಮೇಲೆ ಕಾಣದೇ ಹೋಗುತ್ತದೆ ಎಂಬ ಕಾರಣಕ್ಕೆ. ಇದು ಒಂದು ಕ್ಷಣದ ಚಿತ್ರವಲ್ಲ, ಗಂಟೆಗಟ್ಟಲೆ ನಡೆಯುವ ಕ್ರಿಯೆ. ನಿಂತಲ್ಲೇ ತೆಗೆದ ಫೋಟೊದಲ್ಲಿ ಇದು ಸಿಗುವ ಮಾತೇ ಇಲ್ಲ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಮೇಲಿನ ಗುರುತುಗಳು ಈ ಎರಡು ಜಾತಿಗಳನ್ನು ಪರಸ್ಪರ ಬೇರ್ಪಡಿಸುತ್ತವೆಯೇ ಹೊರತು, ನಸುಗೆಂಪು ಬೀಜಾಣು ಇರುವುದೆಲ್ಲ ತಿನ್ನಲು ಯೋಗ್ಯ ಎಂಬ ಅರ್ಥವನ್ನು ಕೊಡುವುದಿಲ್ಲ. ಎಂಟೊಲೋಮಾ ಎಂಬ ಗುಂಪಿನ ಹಲವು ವಿಷದ ಅಣಬೆಗಳ ಬೀಜಾಣುಗಳೂ ಅದೇ ಬಣ್ಣದವು.

ಈ ಜೋಡಿಯಲ್ಲಿ ಅತ್ಯಂತ ಅಪಾಯದ ಹಂತವೆಂದರೆ ಮೊಗ್ಗು. ಭತ್ತದ ಹುಲ್ಲಿನ ಅಣಬೆಯನ್ನು ಮೊಟ್ಟೆಯಾಕಾರದ ಮೊಗ್ಗಾಗಿದ್ದಾಗಲೇ ಕೀಳುವುದು ವಾಡಿಕೆ. ಡೆತ್ ಕ್ಯಾಪ್ ಕೂಡ ಮೊದಲು ನೆಲದಿಂದ ಮೊಟ್ಟೆಯಂತೆಯೇ ತಲೆ ಎತ್ತುತ್ತದೆ. ಆ ಹಂತದಲ್ಲಿ ಉಂಗುರ ಬಿಚ್ಚಿಕೊಂಡಿರುವುದಿಲ್ಲ, ಎರಡರ ಕಿವಿರುಗಳೂ ಬಿಳಿ, ಬೀಜಾಣುಗಳು ಬಲಿತಿಲ್ಲವಾದ್ದರಿಂದ ಕಾಗದದ ಪರೀಕ್ಷೆಯೂ ಫಲ ಕೊಡುವುದಿಲ್ಲ. ಅಂದರೆ ಮನುಷ್ಯ ಅಣಬೆಯನ್ನು ಬಯಸುವ ಹೊತ್ತಿಗೆ ಸರಿಯಾಗಿ ಗುರುತುಗಳು ಕಡಿಮೆಯಾಗಿರುತ್ತವೆ. ಮೊಗ್ಗಿನ ಫೋಟೊ ನೋಡಿ ಅಭಿಪ್ರಾಯ ಹೇಳುವುದು ಬಲಿತ ಕೊಡೆಯ ಫೋಟೊ ನೋಡಿ ಹೇಳುವುದಕ್ಕಿಂತಲೂ ಕೆಟ್ಟದ್ದು.

ಕೊಡೆಯೇ ಏಕೆ ನಂಬಿಕೆಗೆ ಅರ್ಹವಲ್ಲ?

ನಾವು ಅಣಬೆ ಎಂದು ಕರೆಯುವುದು ಶಿಲೀಂಧ್ರದ ಹಣ್ಣನ್ನು ಮಾತ್ರ. ಅದರ ಮುಖ್ಯ ದೇಹ ಎಳೆಗಳ ಜಾಲವಾಗಿ ಮಣ್ಣಿನಲ್ಲೋ ಮರದಲ್ಲೋ ಇರುತ್ತದೆ. ಆ ಹಣ್ಣಿನಲ್ಲಿ ಹವಾಮಾನಕ್ಕೆ ಎಲ್ಲಕ್ಕಿಂತ ಹೆಚ್ಚು ಒಡ್ಡಿಕೊಳ್ಳುವ ಭಾಗ ಕೊಡೆ. ಮಳೆಯಲ್ಲಿ ಅದು ನೆನೆದು ಗಾಢವಾಗುತ್ತದೆ, ಬಿಸಿಲಿನಲ್ಲಿ ಬಿಳಚಿಕೊಳ್ಳುತ್ತದೆ, ವಯಸ್ಸಾದಂತೆ ಗುಮ್ಮಟದಂತಿದ್ದದ್ದು ತಟ್ಟೆಯಂತಾಗುತ್ತದೆ. ಕೊಡೆಯ ಮೇಲೆ ಅಂಟಿಕೊಂಡಿರುವ ಬಿಳಿಯ ಚೂರುಗಳು ಕೂಡ ಮೊಗ್ಗಿನ ಹೊದಿಕೆಯ ಅವಶೇಷಗಳಷ್ಟೇ; ಒಂದು ಜೋರು ಮಳೆಗೆ ಅವು ತೊಳೆದುಹೋಗುತ್ತವೆ. ಬಿಳಿ ಚುಕ್ಕೆಯ ಕೆಂಪು ಅಣಬೆಯಾದ ಅಮನಿಟಾ ಮಸ್ಕೇರಿಯಾ ಇದಕ್ಕೆ ಒಳ್ಳೆಯ ಸಾಕ್ಷಿ. ಮಕ್ಕಳ ಪುಸ್ತಕಗಳ ಮೂಲಕ ಜಗತ್ತಿಗೆಲ್ಲ ಪರಿಚಿತವಾದ ಆ ಅಣಬೆಯೂ ಮಳೆಯಲ್ಲಿ ಚುಕ್ಕೆ ಕಳೆದುಕೊಂಡು ಕಿತ್ತಳೆಯಾದಾಗ, ಮೇಲಿನಿಂದ ನೋಡುವವರಿಗೆ ತಿನ್ನುವ ಜಾತಿಯಾದ ಅಮನಿಟಾ ಸಿಸೇರಿಯಾದಂತೆ ಕಾಣಬಲ್ಲದು. ಮಗುಚಿ ನೋಡಿದರೆ ಒಂದರ ಕಿವಿರು ಬಿಳಿ, ಇನ್ನೊಂದರದು ಹಳದಿ.

ಇದಕ್ಕೆ ಕ್ಯಾಮೆರಾದ ಕೊಡುಗೆಯೂ ಸೇರುತ್ತದೆ. ಮೊಬೈಲ್ ಕ್ಯಾಮೆರಾ ಬೆಳಕಿಗೆ ತಕ್ಕಂತೆ ಬಣ್ಣವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಸುತ್ತಲಿನ ಹಸಿರು, ಮರದ ನೆರಳು, ಸಂಜೆಯ ಬಿಸಿಲು ಎಲ್ಲವೂ ಆ ಲೆಕ್ಕದಲ್ಲಿ ಸೇರುತ್ತವೆ. ಡೆತ್ ಕ್ಯಾಪ್‌ನ ಮುಖ್ಯ ಸೂಚನೆಯಾದ ನಸು ಹಸಿರು ಇದರಲ್ಲಿ ಸುಲಭವಾಗಿ ಕಂದಾಗಿಬಿಡುತ್ತದೆ. ಅಳತೆಗೋಲು ಇಲ್ಲದ ಚಿತ್ರದಲ್ಲಿ ಗಾತ್ರವೂ ತಿಳಿಯದು. ವಾಸನೆ, ಮುರಿದಾಗಿನ ತುಂಡು, ಮುಟ್ಟಿದಾಗಿನ ಜಿಗುಟು ಇವು ಯಾವ ಚಿತ್ರದಲ್ಲೂ ಬಾರವು. ರುಸುಲಾ ವೈರಿಸೆನ್ಸ್ ಎಂಬ ತಿನ್ನುವ ಅಣಬೆಯ ಕೊಡೆಯೂ ಹಸಿರೇ. ಆದರೆ ಅದರ ಕಾಂಡವನ್ನು ಮುರಿದರೆ ಸೀಮೆಸುಣ್ಣದಂತೆ ಲಟಕ್ಕನೆ ತುಂಡಾಗುತ್ತದೆ. ಡೆತ್ ಕ್ಯಾಪ್‌ನ ಕಾಂಡ ನಾರುನಾರಾಗಿ ಸೀಳುತ್ತದೆ. ಕೈಗೆ ಕೂಡಲೇ ತಿಳಿಯುವ ಈ ವ್ಯತ್ಯಾಸವನ್ನು ಕಣ್ಣು ಫೋಟೊದಲ್ಲಿ ಕಾಣಲಾರದು.

ಇಷ್ಟಾದರೂ ಅತಿದೊಡ್ಡ ನಷ್ಟ ಬುಡದ್ದು. ಡೆತ್ ಕ್ಯಾಪ್ ಅನ್ನು ಗುರುತಿಸಲು ನೆರವಾಗುವ ಬಿಳಿ ಚೀಲ ಮಣ್ಣಿನೊಳಗೆ ಅಥವಾ ಉದುರೆಲೆಗಳ ಅಡಿಯಲ್ಲಿ ಹೂತಿರುತ್ತದೆ. ಚಾಕುವಿನಿಂದ ನೆಲಮಟ್ಟದಲ್ಲಿ ಕೊಯ್ದರೆ ಅದು ಮಣ್ಣಿನಲ್ಲೇ ಉಳಿಯುತ್ತದೆ. ಆಮೇಲೆ ಹತ್ತು ಕೋನಗಳಿಂದ ಫೋಟೊ ತೆಗೆದರೂ ಆ ಮಾಹಿತಿ ಮರಳಿ ಬರುವುದಿಲ್ಲ.

ಪರಿಣತರು ಗುರುತಿಸುತ್ತಾರಲ್ಲ ಎಂಬ ವಾದ

ಫೋಟೊ ಪರವಾಗಿ ಮಾತನಾಡುವವರ ವಾದವನ್ನು ಹಗುರವಾಗಿ ಕಾಣಬೇಕಿಲ್ಲ. ಅನುಭವಿಗಳು ಎಷ್ಟೋ ಅಣಬೆಗಳನ್ನು ಚಿತ್ರದಿಂದಲೇ ಹೆಸರಿಸುತ್ತಾರೆ, ಮತ್ತು ಬಹಳಷ್ಟು ಸಲ ಆ ಹೆಸರು ಸರಿಯಾಗಿಯೇ ಇರುತ್ತದೆ. ವಿಷಬಾಧೆಯ ಪ್ರಕರಣಗಳಲ್ಲಿ ವೈದ್ಯರೂ ಪರಿಣತರಿಗೆ ಫೋಟೊ ಕಳಿಸಿ ಅಭಿಪ್ರಾಯ ಪಡೆಯುವುದುಂಟು. ಹಾಗಿದ್ದ ಮೇಲೆ ಅಡುಗೆಗೆ ಮಾತ್ರ ಏಕೆ ಸಾಲದು?

ಉತ್ತರ ಪ್ರಶ್ನೆಯ ಉದ್ದೇಶದಲ್ಲಿದೆ. ಚಿತ್ರವೊಂದರಲ್ಲಿ ಉಂಗುರವೋ ಬುಡದ ಚೀಲವೋ ಕಂಡರೆ, ಅಥವಾ ಹಸಿರು ಛಾಯೆಯ ಅನುಮಾನ ಬಂದರೆ, ತಿನ್ನಬೇಡಿ ಎಂದು ಹೇಳಲು ಅಷ್ಟು ಸಾಕು. ಆ ಮಾತು ತಪ್ಪಾದರೆ ಒಂದು ಒಳ್ಳೆಯ ಅಣಬೆ ಕಸಕ್ಕೆ ಹೋಗುತ್ತದೆ. ತಿನ್ನಿ ಎಂದು ಹೇಳಲು ಮಾತ್ರ ಅಪಾಯಕಾರಿಯಾದ ಪ್ರತಿಯೊಂದು ಹೋಲಿಕೆಯನ್ನೂ ಅಲ್ಲಗಳೆದಿರಬೇಕು. ಅಲ್ಲಗಳೆಯುವ ಗುರುತುಗಳು ಚಿತ್ರದಲ್ಲಿ ಇಲ್ಲವೆಂದ ಮೇಲೆ ಆ ಮಾತಿಗೆ ಆಧಾರವೇ ಇರುವುದಿಲ್ಲ. ಉಂಗುರ ಚಿತ್ರದಲ್ಲಿ ಕಾಣದಿರುವುದಕ್ಕೂ ಅಣಬೆಗೆ ಉಂಗುರ ಇಲ್ಲದಿರುವುದಕ್ಕೂ ಬಹಳ ಅಂತರವಿದೆ. ಮೇಲಿನಿಂದ ತೆಗೆದ ಫೋಟೊದಲ್ಲಿ ಈ ಎರಡೂ ಒಂದೇ ರೀತಿ ಕಾಣುತ್ತವೆ.

ಇನ್ನೊಂದು ತೊಡಕು ಬುಟ್ಟಿಯದು. ಫೋಟೊ ತೆಗೆಯುವುದು ಚೆಂದವಾಗಿ ಎದ್ದ ಒಂದು ಅಣಬೆಯನ್ನು, ಬಾಣಲೆಗೆ ಹೋಗುವುದು ಇಪ್ಪತ್ತನ್ನು. ಬೇರೆಬೇರೆ ಜಾತಿಗಳು ಒಂದೇ ಮರದ ಕೆಳಗೆ ಒತ್ತೊತ್ತಾಗಿ ಬೆಳೆಯುವುದು ಸಾಮಾನ್ಯ. ಆ ಒಂದರ ಬಗ್ಗೆ ಸಿಕ್ಕ ಉತ್ತರ ಅಪ್ಪಟ ಸರಿಯಾಗಿದ್ದರೂ ಉಳಿದ ಹತ್ತೊಂಬತ್ತನ್ನು ಯಾರೂ ನೋಡಿರುವುದಿಲ್ಲ. ಡೆತ್ ಕ್ಯಾಪ್‌ನ ವಿಷಯದಲ್ಲಿ ಮಧ್ಯಮ ಗಾತ್ರದ ಒಂದೇ ಒಂದು ಅಣಬೆ ವಯಸ್ಕರೊಬ್ಬರ ಪ್ರಾಣಕ್ಕೆ ಸಾಕಾಗಬಹುದು.

ಹೆಸರು ಸಿಕ್ಕರೂ ಪ್ರಶ್ನೆ ಮುಗಿಯುವುದಿಲ್ಲ

ತಿನ್ನಲು ಯೋಗ್ಯವೇ ಎಂಬುದು ಬಣ್ಣ ಅಥವಾ ಆಕಾರದಂತೆ ಅಣಬೆಯ ಮೇಲೆ ಬರೆದಿರುವ ಗುಣವಲ್ಲ. ಮೊದಲು ಜಾತಿಯ ಹೆಸರು ತಿಳಿಯಬೇಕು, ಆಮೇಲೆ ಆ ಜಾತಿಯನ್ನು ತಿಂದವರಿಗೆ ಏನಾಯಿತು ಎಂಬ ದಾಖಲೆಯನ್ನು ನೋಡಬೇಕು. ಎರಡನೆಯ ಹಂತವೂ ಬದಲಾಗುತ್ತಿರುತ್ತದೆ. ಪ್ಯಾಕ್ಸಿಲಸ್ ಇನ್‌ವೊಲ್ಯೂಟಸ್ ಎಂಬ ಅಣಬೆಯನ್ನು ಯೂರೋಪಿನಲ್ಲಿ ಬಹುಕಾಲ ಬೇಯಿಸಿ ತಿನ್ನುತ್ತಿದ್ದರು. 1944ರಲ್ಲಿ ಅದನ್ನು ತಿಂದು ತೀರಿಕೊಂಡ ಯೂಲಿಯುಸ್ ಶೆಫರ್ ಸ್ವತಃ ಶಿಲೀಂಧ್ರ ತಜ್ಞರಾಗಿದ್ದರು. ಅವರು ಗುರುತಿಸುವುದರಲ್ಲಿ ತಪ್ಪಿದ್ದಲ್ಲ. ಪದೇ ಪದೇ ತಿಂದವರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಕೆಂಪು ರಕ್ತಕಣಗಳನ್ನು ನಾಶಮಾಡುವಂತೆ ಆ ಅಣಬೆ ಪ್ರಚೋದಿಸಬಲ್ಲದು ಎಂಬುದು ಆಗಿನ್ನೂ ತಿಳಿದಿರಲಿಲ್ಲ. ಉತ್ತಮ ರುಚಿಯದೆಂದು ಹೆಸರಾಗಿದ್ದ ಟ್ರೈಕೊಲೋಮಾ ಇಕ್ವೆಸ್ಟ್ರೆ ಬಗ್ಗೆಯೂ 2001ರಲ್ಲಿ ಫ್ರಾನ್ಸ್‌ನಿಂದ ವರದಿ ಬಂತು. ಅದನ್ನು ಸತತವಾಗಿ ಹಲವು ಊಟಗಳಲ್ಲಿ ತಿಂದ 12 ಜನರಲ್ಲಿ ಸ್ನಾಯುಗಳು ಕರಗುವಂಥ ತೊಂದರೆ ಕಾಣಿಸಿಕೊಂಡು 3 ಜನ ತೀರಿಕೊಂಡಿದ್ದರು. ವರ್ಷಗಳಿಂದ ತಿನ್ನುತ್ತಿದ್ದೇವೆ ಎಂಬ ಮಾತನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು. ಅದು ಅವರು ತಿಂದ ಅಣಬೆಯ ಬಗ್ಗೆ ಹೇಳುವುದೇ ಅಷ್ಟಕ್ಕಷ್ಟೆ; ಚಿತ್ರದಲ್ಲಿರುವ ಅಣಬೆಯ ಬಗ್ಗೆಯಂತೂ ಏನನ್ನೂ ಹೇಳುವುದಿಲ್ಲ.

ತಪ್ಪು ತಡವಾಗಿ ತಿಳಿಯುವುದೇ ದೊಡ್ಡ ಅಪಾಯ

ಉಳಿದ ಆಹಾರದಲ್ಲಿ ತಪ್ಪಾದರೆ ನಾಲಿಗೆಯೋ ಹೊಟ್ಟೆಯೋ ಬೇಗ ಎಚ್ಚರಿಸುತ್ತದೆ. ಡೆತ್ ಕ್ಯಾಪ್‌ನಲ್ಲಿ ಆ ಎಚ್ಚರಿಕೆ ಇಲ್ಲ. ಬದುಕುಳಿದವರು ಅದು ರುಚಿಯಾಗಿತ್ತೆಂದೇ ಹೇಳಿದ್ದಾರೆ. ಅದರಲ್ಲಿರುವ ಅಮಟಾಕ್ಸಿನ್ ಎಂಬ ವಿಷ ಬೇಯಿಸಿದರೂ ಒಣಗಿಸಿದರೂ ಫ್ರಿಜ್‌ನಲ್ಲಿಟ್ಟರೂ ನಾಶವಾಗುವುದಿಲ್ಲ. ತಿಂದ 6ರಿಂದ 24 ಗಂಟೆಗಳವರೆಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆಮೇಲೆ ತೀವ್ರ ವಾಂತಿಭೇದಿ ಶುರುವಾಗುತ್ತದೆ. ಒಂದು ದಿನ ಕಳೆದ ಮೇಲೆ ಅದು ತಗ್ಗಿ ರೋಗಿ ಚೇತರಿಸಿಕೊಂಡಂತೆ ಕಾಣುತ್ತಾನೆ. ಮನೆಯವರು ನಿಟ್ಟುಸಿರು ಬಿಡುವ ಈ ಹೊತ್ತಿನಲ್ಲೇ ಒಳಗೆ ಯಕೃತ್ತಿನ ಜೀವಕೋಶಗಳು ಸಾಯುತ್ತಿರುತ್ತವೆ. ಜೀವಕೋಶ ತನಗೆ ಬೇಕಾದ ಪ್ರೋಟೀನು ತಯಾರಿಸಲು ಮೊದಲು ವಂಶವಾಹಿಯ ನಕಲು ತೆಗೆಯಬೇಕು. ಆ ನಕಲು ತೆಗೆಯುವ ಕಿಣ್ವವನ್ನೇ ಅಮಟಾಕ್ಸಿನ್ ಕಟ್ಟಿಹಾಕುತ್ತದೆ. ಸಾಲದ್ದಕ್ಕೆ ಪಿತ್ತರಸದ ಜೊತೆ ಕರುಳಿಗೆ ಇಳಿದ ವಿಷ ಅಲ್ಲಿಂದ ಮತ್ತೆ ಹೀರಲ್ಪಟ್ಟು ಯಕೃತ್ತಿಗೇ ಮರಳುತ್ತದೆ.

2016ರ ಡಿಸೆಂಬರ್‌ನಲ್ಲಿ ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಸುಮಾರು ಎರಡು ವಾರಗಳಲ್ಲಿ ಇಂಥ 14 ಪ್ರಕರಣಗಳು ದಾಖಲಾದವು. ಒಂದು ಕುಟುಂಬ ಬೇರೆಯವರು ಕಿತ್ತು ಕೊಟ್ಟಿದ್ದ ಅಣಬೆಯನ್ನು ಸುಟ್ಟು ತಿಂದಿತ್ತು. ಅದರಲ್ಲಿ 18 ತಿಂಗಳ ಮಗುವೂ ಇತ್ತು. ಎಲ್ಲರೂ ಬದುಕಿದರು, ಆದರೆ 14 ಜನರಲ್ಲಿ 3 ಜನರಿಗೆ ಯಕೃತ್ತಿನ ಕಸಿ ಮಾಡಬೇಕಾಯಿತು, ಮತ್ತು ಆ ಮಗುವಿಗೆ ಶಾಶ್ವತ ನರದೌರ್ಬಲ್ಯ ಉಳಿಯಿತು. ಬೆಳ್ಳಿ ಚಮಚ ಕಪ್ಪಾಗುತ್ತದೆಯೇ, ಹುಳು ತಿಂದಿದೆಯೇ, ಕೊಡೆಯ ಸಿಪ್ಪೆ ಸುಲಿಯುತ್ತದೆಯೇ ಎಂಬ ಹಳೆಯ ಪರೀಕ್ಷೆಗಳು ಈ ವಿಷವನ್ನು ಪತ್ತೆಮಾಡುವುದಿಲ್ಲ. ಕೊಡೆಯ ಫೋಟೊವನ್ನು ಈಗ ಆ ಸಾಲಿಗೇ ಸೇರಿಸಬೇಕಾಗುತ್ತದೆ ಎಂದರೆ ಅತಿಶಯವಾಗದು.

ಫೋಟೊ ಉಪಯೋಗಕ್ಕೆ ಬರುವುದು ಯಾವಾಗ?

ಈಗಾಗಲೇ ತಿಂದಾಗಿದ್ದರೆ ಲೆಕ್ಕ ತಿರುಗುಮುರುಗಾಗುತ್ತದೆ. ಆಗ ಅಪೂರ್ಣ ಮಾಹಿತಿಯೂ ವೈದ್ಯರಿಗೆ ಬೇಕು. ಅವರ ಮುಂದೆ ರೋಗಿಯ ಲಕ್ಷಣ, ರಕ್ತಪರೀಕ್ಷೆ, ತಿಂದ ಹೊತ್ತು ಇವೆಲ್ಲ ಇರುತ್ತವೆ. ಫೋಟೊ ಅವುಗಳಲ್ಲಿ ಒಂದು ಸಾಕ್ಷಿ ಮಾತ್ರ. ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಚಿತ್ರದ್ದಲ್ಲ, ಗಡಿಯಾರದ್ದು: ತಿಂದ ಎಷ್ಟು ಗಂಟೆಗಳ ಮೇಲೆ ವಾಂತಿ ಶುರುವಾಯಿತು? 6 ಗಂಟೆಗಳಿಗಿಂತ ತಡವಾಗಿ ಶುರುವಾಗಿದ್ದರೆ ಅಮಟಾಕ್ಸಿನ್ ಎಂದೇ ಶಂಕಿಸಿ ಚಿಕಿತ್ಸೆ ನಡೆಸಲಾಗುತ್ತದೆ. ಬೇಗ ಶುರುವಾಯಿತೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಬುಟ್ಟಿಯಲ್ಲಿ ಎರಡು ಜಾತಿಗಳು ಬೆರೆತಿದ್ದರೆ ಮೊದಲನೆಯದರ ವಾಂತಿ ಎರಡನೆಯದನ್ನು ಮರೆಮಾಡಬಹುದು. ಲಕ್ಷಣ ಕಾಣುವವರೆಗೆ ಕಾಯದೆ, ಅನುಮಾನ ಬಂದ ಕೂಡಲೇ ಆಸ್ಪತ್ರೆಗೆ ಹೋಗಬೇಕಾದುದು ಇದೇ ಕಾರಣಕ್ಕೆ.

ಹೋಗುವಾಗ ಫೋಟೊಗಿಂತ ಹೆಚ್ಚು ಬೆಲೆಬಾಳುವುದು ಉಳಿದ ಅಣಬೆ. ಕಿತ್ತ ಜಾಗದಲ್ಲಿ ಅದೇ ಬಗೆಯದು ಇನ್ನೊಂದಿದ್ದರೆ ಅದನ್ನು ಬುಡಸಮೇತ ಅಗೆದು, ಬೆವರುವ ಪ್ಲಾಸ್ಟಿಕ್‌ನಲ್ಲಿ ಅಲ್ಲ, ಕಾಗದದ ಚೀಲದಲ್ಲಿ ಇಟ್ಟು ಒಯ್ಯಬೇಕು. ಬೇಯಿಸಿದ ಪದಾರ್ಥ ಮಾತ್ರ ಉಳಿದಿದ್ದರೆ ಅದನ್ನೂ ಚೆಲ್ಲಬಾರದು. ಬೆಂದ ಚೂರಿನಲ್ಲೂ ಬೀಜಾಣುಗಳು ಉಳಿದಿರುತ್ತವೆ, ಸೂಕ್ಷ್ಮದರ್ಶಕದಡಿ ಅವುಗಳ ಆಕಾರ ಕಾಣುತ್ತದೆ, ಮತ್ತು ಅಯೋಡಿನ್ ದ್ರಾವಣದ ಹನಿಯೊಂದನ್ನು ಬಿಟ್ಟಾಗ ಡೆತ್ ಕ್ಯಾಪ್‌ನ ಬೀಜಾಣುಗಳು ನೀಲಿಬೂದು ಬಣ್ಣಕ್ಕೆ ತಿರುಗುತ್ತವೆ.